ಬಿಟ್ಟುಹೋದ ಪಲ್ಲವಿ

ಕಾರ್ಲ್ಸ್‌ಬಾಡಿನ ಕರೋಕೆ ಕಂಪನಿಯಲ್ಲಿ, ಹಾಡು ಕೇಳುತ್ತಾ ಸ್ಪೇಸ್ ಬಾರ್ ಒತ್ತಿ ಪರದೆಯ ಮೇಲಿನ ಸಾಹಿತ್ಯದ ಪ್ರತಿ ಸಾಲಿಗೂ ಬಣ್ಣ ಏರುವ ಕ್ಷಣವನ್ನು ಗುರುತಿಸುವುದು ಸಾಜಿದಾಳ ಕೆಲಸ. ಹೊಸದಾಗಿ ಬಂದ ಚಿನ್ಮಯನ ಪ್ರೋಗ್ರಾಂಗೆ ಸಾಹಿತ್ಯವನ್ನೂ ಆಡಿಯೊವನ್ನೂ ಕೊಟ್ಟರೆ ಸಾಕು, ಒಂದೊಂದು ಅಕ್ಷರದ ಧ್ವನಿಯನ್ನೂ ಹುಡುಕಿ ತಾನೇ ಹೊಂದಿಸಿಬಿಡುತ್ತಿತ್ತು. ಎಲ್ಲರೂ ಅವನನ್ನು ಹೊಗಳುವುದನ್ನು ಕೇಳಿ ಅವಳ ಹೊಟ್ಟೆಗೆ ಕಿಚ್ಚಿಟ್ಟಂತಾಯಿತು. ಡೆಮೊಗೆಂದು ಕನ್ನಡ ಹಾಡೊಂದನ್ನು ಟೈಪ್ ಮಾಡಿಕೊಡುವಾಗ, ಚರಣ ಮುಗಿದ ಮೇಲೆ ಗಾಯಕಿ ಮತ್ತೆ ಹಾಡುವ ಪಲ್ಲವಿಯನ್ನು ಬೇಕೆಂದೇ ಬಿಟ್ಟಳು.

ಡೆಮೊದಲ್ಲಿ ಗಾಯಕಿ ಪಲ್ಲವಿಗೆ ಮರಳಿದಳು, ಬಣ್ಣ ಮಾತ್ರ ಮುಂದಿನ ಚರಣದ ಮೇಲೆ ಹರಿಯಿತು. ಸಾಜಿದಾ ತುಟಿ ಕಚ್ಚಿ ನಗು ತಡೆದಳು.

ಚಿನ್ಮಯ ಪರದೆಯತ್ತ ಬಗ್ಗಿದ. "ಇಲ್ಲಿ ಧ್ವನಿಗೂ ಅಕ್ಷರಕ್ಕೂ ಎಷ್ಟು ಹೊಂದುತ್ತೆ ಅನ್ನೋ ಸ್ಕೋರ್ ಪೂರ್ತಿ ಬಿದ್ದೋಗಿದೆ. ಹಾಡಲ್ಲಿರೋ ಪಲ್ಲವಿ ಸಾಹಿತ್ಯದಲ್ಲಿಲ್ಲ." ಅದನ್ನು ಸೇರಿಸಿ ಮತ್ತೆ ಓಡಿಸಿದ. ಎಲ್ಲ ಸರಿಹೋಯಿತು.

ಆಮೇಲೆ ಅವಳತ್ತ ತಿರುಗಿ ಮೆತ್ತಗೆ, "ಸುಸ್ತಾಗಿತ್ತೇನೋ ನಿಮ್ಗೆ. ಇನ್ಮೇಲೆ ಟೈಪ್ ಮಾಡೋದನ್ನೂ ನಾನೇ ನೋಡ್ಕೋತೀನಿ, ಬಿಡಿ," ಎಂದ.