ವಾಲ್ವ್ ಮುಚ್ಚಿತೋ ಇಲ್ಲವೋ

ಮಾಘದ ಬಿಸಿಲು ಏರುವ ಹೊತ್ತಿಗೆ ಧರ್ಮಪ್ಪ ಕರೆಂಟಿನ ಪ್ಯಾನಲ್ ಪೆಟ್ಟಿಗೆಯ ಬೂದುಬಣ್ಣ ಹೊಡೆದ ಎರಡು ಬಾಗಿಲುಗಳನ್ನು ತನ್ನ ಶೆಡ್ಡಿನ ಮುಂದಿನ ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ಕೊಯ್ಲು ಮುಗಿದು ಒಕ್ಕಣೆಯೂ ಮುಗಿಯುತ್ತ ಬಂದಿತ್ತು. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ ಭತ್ತದ ಲಾರಿ ಹಾದಾಗಲೆಲ್ಲ ಕೆಂಧೂಳು ಎದ್ದು ಹಸಿಬಣ್ಣದ ಮೇಲೆ ಕೂರುತ್ತಿತ್ತು. ಅವನು ಹಳೆಯ ಗೋಣಿಯನ್ನು ಅಡ್ಡ ಕಟ್ಟುತ್ತಿರುವಾಗ ಪೋಸ್ಟ್‌ಮನ್ ಸೈಕಲ್ ನಿಲ್ಲಿಸಿದ.

"ನಿಮ್ಮದೇ ಕಾಗದ, ನಿಮಗೇ ಬಂತು ನೋಡಿ."

ಹತ್ತು ದಿನದ ಹಿಂದೆ ತೀರ್ಥಹಳ್ಳಿಯ ಹೂವಯ್ಯಗೌಡರಿಗೆ ಅವನು ರಿಜಿಸ್ಟರ್ ಮಾಡಿ ಕಳಿಸಿದ್ದ ಲಕೋಟೆ ಅದು. ಮೇಲೆ ಕೆಂಪು ಶಾಯಿಯಲ್ಲಿ 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ' ಎಂದು ಬರೆದಿತ್ತು.

ಒಳಗಿನಿಂದ ಹೆಂಡತಿ ಶಾಂತಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಮೊದಲ ಕಾಗದಕ್ಕೆ ಉತ್ತರವಿಲ್ಲದಾಗ ರಿಜಿಸ್ಟರ್ ಮಾಡಿ ಎಂದವಳು ಅವಳೇ.

"ಒಡೆದೂ ನೋಡ್ಲಿಲ್ವಾ?"

"ನನ್ ಬುದ್ಧಿಗೆ ಮಂಕು ಕವಿದಿತ್ತು ಕಣೆ. ಆ ಮನೇಲಿ ರಿಜಿಸ್ಟರ್ ಕಾಗದ ಯಾರೂ ಮುಟ್ಟಲ್ಲ."

ಹೂವಯ್ಯಗೌಡರ ಮನೆಗೆ ಭೂಸುಧಾರಣೆಯ ವರ್ಷಗಳಲ್ಲಿ ಟ್ರಿಬ್ಯೂನಲ್ ನೋಟೀಸುಗಳು ಒಂದರ ಹಿಂದೊಂದು ಬಂದಿದ್ದವು. ಸಹಿ ಹಾಕಿ ತೆಗೆದುಕೊಂಡ ಒಂದೊಂದು ಲಕೋಟೆಗೂ ಒಂದೊಂದು ಗದ್ದೆ ಹೋಯಿತು ಎಂಬುದು ಗೌಡರ ತಂದೆಯ ಲೆಕ್ಕ. ಸಾಯುವ ಮೊದಲು ಮುದುಕರು ಮನೆಯವರಿಗೆಲ್ಲ ಹೇಳಿದ್ದರಂತೆ, ಪೋಸ್ಟ್‌ಮನ್ ಸಹಿ ಕೇಳಿದರೆ ಯಜಮಾನರು ಊರಲ್ಲಿಲ್ಲ ಅನ್ನಿ ಎಂದು. ಮುದುಕರು ಹೋಗಿ ಎಂಟು ವರ್ಷವಾಗಿತ್ತು, ಇದು ಎಂಬತ್ತೆಂಟನೇ ಇಸವಿ. ಆ ಮಾತು ಇನ್ನೂ ನಡೆಯುತ್ತಿತ್ತು.

ಧರ್ಮಪ್ಪನಿಗೆ ಗೌಡರ ಅಕ್ಕಿ ಗಿರಣಿಯ ಆರ್ಡರು ಬೇಕಿತ್ತು. ಹದಿನೈದು ವರ್ಷದಿಂದ ಅವನು ಅಕ್ಕಿ ಗಿರಣಿ, ಮರ ಕೊಯ್ಯುವ ಸಾಮಿಲ್ಲುಗಳಿಗೆ ಮೋಟಾರು ಓಡಿಸುವ, ನಿಲ್ಲಿಸುವ ಸ್ಟಾರ್ಟರ್ ಪ್ಯಾನಲ್, ರಿಲೇ ಪ್ಯಾನಲ್ ಮಾಡಿಕೊಡುತ್ತಿದ್ದ. ಈಗ ರಿಲೇಗಳ ಸಾಲಿನ ಬದಲು ಪಿ.ಎಲ್.ಸಿ. ಎಂಬ ಒಂದು ಡಬ್ಬಿ ಬಂದಿತ್ತು. ಯಾವ ಮೋಟಾರು ಯಾವಾಗ ಓಡಬೇಕು, ಯಾವ ವಾಲ್ವ್ ಯಾವಾಗ ತೆರೆಯಬೇಕು ಎಂಬುದನ್ನು ತಂತಿಯಲ್ಲಿ ಕಟ್ಟುವ ಬದಲು ಆ ಡಬ್ಬಿಯೊಳಗೆ ಪ್ರೋಗ್ರಾಂ ಬರೆದು ಇಡುವುದು. ಬೆಂಗಳೂರಿಗೆ ಹೋಗಿ ಅವನು ಅದನ್ನು ಕಲಿತು ಬಂದಿದ್ದ. ಒಂದಾದರೂ ಮಾಡಿ ತೋರಿಸದಿದ್ದರೆ ಮುಂದೆ ಅವನ ಶೆಡ್ಡಿಗೆ ಯಾರೂ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಗೌಡರು ಗಿರಣಿಗೆ ಕುಸುಬಲಕ್ಕಿ ವಿಭಾಗ ಸೇರಿಸುತ್ತಿದ್ದರು. ಭತ್ತ ನೆನೆಸುವ ಆರು ತೊಟ್ಟಿ. ನೀರು ತುಂಬಿಸಿ, ನೆನೆಸಿ, ನೀರು ಬಸಿದು, ಹಬೆ ಕೊಟ್ಟು, ಕೆಳಗಿನ ಬಾಗಿಲು ತೆರೆದು ಭತ್ತ ಇಳಿಸಬೇಕು. ಅವರು ಹೇಳಿ ಕಳಿಸಿದ್ದು ಇಷ್ಟೇ: "ಆರು ತೊಟ್ಟಿ, ಹತ್ತು ಮೋಟಾರು. ರೇಟ್ ಹೇಳು."

ಅಷ್ಟರಿಂದ ರೇಟು ಹುಟ್ಟುವುದಿಲ್ಲ. ಡಬ್ಬಿಗೆ ಎಷ್ಟು ಸುದ್ದಿ ಬರಬೇಕು, ಅಂದರೆ ಇನ್‌ಪುಟ್ ಎಷ್ಟು. ಅದರಿಂದ ಎಷ್ಟು ಆಜ್ಞೆ ಹೋಗಬೇಕು, ಅಂದರೆ ಔಟ್‌ಪುಟ್ ಎಷ್ಟು. ಇದರ ಮೇಲೆ, ಹದಿನಾರು ತಂತಿಗೊಂದರಂತೆ ಡಬ್ಬಿಗೆ ಕೂರಿಸುವ ಕಾರ್ಡುಗಳ ಲೆಕ್ಕ, ಕಾರ್ಡಿನ ಮೇಲೆ ಹಣದ ಲೆಕ್ಕ. ಅದನ್ನೇ ಅವನು ಕಾರ್ಬನ್ ಇಟ್ಟು ಕೈಯಲ್ಲಿ ಬರೆದಿದ್ದ.

ಮರುದಿನ ಬೆಳಿಗ್ಗೆ ಲಕೋಟೆಯನ್ನು ಅಂಗಿ ಜೇಬಿಗಿಟ್ಟುಕೊಂಡು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ ಹತ್ತಿದ.

ಗೌಡರು ಗಿರಣಿಯ ಆಫೀಸಿನಲ್ಲಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡಿದ್ದರು. ಬಾಯ್ಲರ್ ನೋಡಿಕೊಳ್ಳುವ ಭೂತಪ್ಪ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ.

"ಬಂದ್ಯಾ ಮಾರಾಯ? ನಾನೇನು ನಿನ್ನ ಗದ್ದೆ ಒತ್ತಿದ್ದೀನಾ, ರಿಜಿಸ್ಟರ್ ಕಳ್ಸೋಕೆ?"

"ತಪ್ಪಾಯ್ತು ಗೌಡ್ರೆ. ಮೊದಲಿಂದು ಮುಟ್ಟಿಲ್ವೇನೋ ಅಂತ ಹಾಗೆ ಮಾಡ್ದೆ."

"ಮುಟ್ಟಿದೆ. ಓದೋಕೆ ಹೋದೆ, ಅರ್ಧಕ್ಕೆ ತಲೆ ತಿರುಗ್ತು. ಗಂಡಿನ ಕಡೆಯೋರೂ ಇಷ್ಟು ಷರತ್ತು ಹಾಕಲ್ಲ. ಅಲ್ವೇನೋ ಭೂತ?"

ಭೂತಪ್ಪ ಹಲ್ಲು ಬಿಟ್ಟ. ಧರ್ಮಪ್ಪನೂ ನಕ್ಕು ಲಕೋಟೆ ಒಡೆದು ಓದಿದ.

'ಪ್ರತಿ ಮೋಟಾರಿಗೆ ಎರಡು ಇನ್‌ಪುಟ್: ಓಡುತ್ತಿದೆ ಎಂಬುದಕ್ಕೆ ಒಂದು, ಹೊರೆ ಹೆಚ್ಚಾಗಿ ಟ್ರಿಪ್ ಆಗಿ ನಿಂತಿದೆ ಎಂಬುದಕ್ಕೆ ಒಂದು. ಪ್ರತಿ ತೊಟ್ಟಿಗೆ ನೀರಿನ ಮಟ್ಟಕ್ಕೆ ಎರಡು, ಶಾಖಕ್ಕೆ ಒಂದು. ಹಬೆಯ ವಾಲ್ವ್ ಪೂರ್ತಿ ಮುಚ್ಚಿದೆ ಎಂದು ತಿಳಿಯಲು ಒಂದೊಂದು ಸ್ವಿಚ್ಚು ತಾವು ಹಾಕಿಸುತ್ತೀರಿ ಎಂದು ಭಾವಿಸಿದ್ದೇನೆ. ಒತ್ತುವ ಗುಂಡಿಗಳಿಗೆ ನಾಲ್ಕು. ಒಟ್ಟು ನಲವತ್ತೆಂಟು, ಮುಂದಿನ ಅನುಕೂಲಕ್ಕೆ ಒಂದು ಕಾರ್ಡು ಖಾಲಿ. ಪ್ರೋಗ್ರಾಂ ಆರು ತೊಟ್ಟಿಗೂ ಒಂದೇ ಕ್ರಮದ್ದು. ಒಂದು ಸಲಕ್ಕೆ ಒಂದೇ ತೊಟ್ಟಿಗೆ ಹಬೆ. ನೆನೆಯುವ ಸಮಯ ತಾವೇ ಬದಲಿಸಬಹುದು. ಕ್ರಮವನ್ನೇ ಬದಲಿಸಬೇಕಾದರೆ ಬೆಂಗಳೂರಿನಿಂದ ಪ್ರೋಗ್ರಾಂ ಬರೆಯುವ ಯಂತ್ರ ತರಿಸಬೇಕಾದ್ದರಿಂದ ಅದರ ಖರ್ಚು ಬೇರೆ. ಇವು ಸರಿಯೆಂದು ಸಹಿ ಮಾಡಿ ಕಳಿಸಿದರೆ ಕೊಟೇಶನ್ ಕೊಡುತ್ತೇನೆ.'

"ಆಯ್ತಾ? ಆ ಮುಚ್ಚೋ ಸ್ವಿಚ್ಚು ಎಂತಕ್ಕೆ? ಮುಚ್ಚು ಅಂದ್ರೆ ಮುಚ್ಚಲ್ವಾ ನಿನ್ನ ಡಬ್ಬಿ?"

"ಡಬ್ಬಿ ಮುಚ್ಚು ಅಂತ ಹೇಳುತ್ತೆ ಗೌಡ್ರೆ. ವಾಲ್ವ್ ಕೇಳ್ತೋ ಇಲ್ವೋ ಅದಕ್ಕೆ ಗೊತ್ತಾಗಲ್ಲ. ಒಳಗೆ ಕಸ ಸಿಕ್ಕಿ ಅರ್ಧಕ್ಕೆ ನಿಂತರೂ ಮುಚ್ಚಿದೆ ಅಂತಲೇ ತಿಳ್ಕೊಂಡು 'ಬಾಗಿಲು ತೆಗೀಬಹುದು' ಅನ್ನೋ ದೀಪ ಹಚ್ಚುತ್ತೆ."

"ಅದಕ್ಕೆ ಭೂತ ಇದ್ದಾನಲ್ಲ. ಪೈಪ್ ಮುಟ್ಟಿ ಹೇಳ್ತಾನೆ."

"ಕೈಗೆ ಕಣ್ಣಿದೆ ಧರ್ಮಣ್ಣ," ಎಂದ ಭೂತಪ್ಪ.

ಗೌಡರು ಅಡಿಕೆ ಬಾಯಿಗೆ ಹಾಕಿಕೊಂಡರು. "ಹುಬ್ಬಳ್ಳಿ ಪಾರ್ಟಿ ಒಬ್ಬ ಬಂದಿದ್ದ. ಏನೂ ಕೇಳಲಿಲ್ಲ. ಎರಡು ಕಾರ್ಡಲ್ಲಿ ಮುಗಿಸ್ತೀನಿ ಅಂದ. ಹತ್ತೂ ಮೋಟಾರಿನ ಟ್ರಿಪ್ ಒಂದೇ ತಂತೀಲಿ ಪೋಣಿಸ್ತಾನಂತೆ. ನೀನೂ ಹಂಗೇ ಮಾಡು. ನಿನಗೇ ಕೊಡ್ತೀನಿ."

ಧರ್ಮಪ್ಪ ಮನಸ್ಸಿನಲ್ಲೇ ಕೂಡಿದ. ಓಡುವುದಕ್ಕೆ ಹತ್ತು, ಟ್ರಿಪ್ಪಿಗೆ ಒಂದು, ತೊಟ್ಟಿಗಳಿಗೆ ಹದಿನೆಂಟು, ನಾಲ್ಕರಲ್ಲಿ ಒಂದು ಬಿಟ್ಟು ಗುಂಡಿಗೆ ಮೂರು. ಮೂವತ್ತೆರಡು. ಎರಡು ಕಾರ್ಡು ಭರ್ತಿ. ಮಾಡಬಹುದು, ಓಡುತ್ತದೆ. ಆಮೇಲೆ ಒಂದು ಸ್ವಿಚ್ಚು ಸೇರಿಸುತ್ತೇನೆಂದರೂ ಜಾಗವಿರುವುದಿಲ್ಲ.

"ಟ್ರಿಪ್ ಪೋಣಿಸೋಣ. ಹಬೆ ಸ್ವಿಚ್ಚು ಮಾತ್ರ ಇರಲಿ. ಮತ್ತೆ ಇದಕ್ಕೊಂದು ಸಹಿ ಹಾಕಿ ಕೊಡಿ ಗೌಡ್ರೆ. ಹುಲಿಕಲ್ ಸಾಮಿಲ್ಲಿಂದು ಬಾಯಿಮಾತಲ್ಲಿ ಮಾಡಿ, ಬದಲಿಸು ಅಂದಾಗಲೆಲ್ಲ ಒಂದು ವರ್ಷ ಬಿಟ್ಟಿ ಓಡಾಡಿದ್ದೀನಿ."

ಗೌಡರ ದವಡೆ ನಿಂತಿತು.

"ಶೀಟ್ ಬಗ್ಗಿಸೋ ಯಂತ್ರಕ್ಕೆ ಸಾಲ ತಗೊಂಡೆಯಲ್ಲ, ಜಾಮೀನು ಯಾರು ಹಾಕಿದ್ದು?"

"ನೀವೇ."

"ಒಂದು ಅಕ್ಷರ ಓದಿದ್ನಾ? ಎಲ್ಲಿ ಅಂದೆ, ಇಲ್ಲಿ ಅಂದ್ರು, ಹಾಕ್ದೆ. ಕಾಗದ ಅಂದ್ರೆ ಹೆದರೋನು ಹಾಕ್ದೆ, ನಿನ್ ಮುಖ ನೋಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಈಗ ನನ್ನ ಮಾತು ನಿನಗೆ ಸಾಕಾಗಲ್ಲ, ಅಲ್ವಾ?"

ಬ್ಯಾಂಕಿನ ಸಾಲ ಎರಡು ವರ್ಷದ ಹಿಂದೆಯೇ ತೀರಿತ್ತು. ಆ ಸಹಿ ತೀರುವಂಥದ್ದಲ್ಲ. ಧರ್ಮಪ್ಪ ಕಾಗದ ಮಡಚಿದ. ಹೂಂ ಅಂದುಬಿಡಬಹುದಿತ್ತು. ಆರು ಸ್ವಿಚ್ಚನ್ನೂ ಒಂದು ಕಾರ್ಡನ್ನೂ ತನ್ನ ಕೈಯಿಂದಲೇ ಹಾಕಿ, ಪ್ರೋಗ್ರಾಂ ಎಷ್ಟು ಸಲ ಬದಲಿಸಿದರೂ ಬಂದು ಮಾಡಿಕೊಟ್ಟು ಋಣ ಕಳೆದುಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಶೆಡ್ಡು ಉಳಿಯುವುದು ಅನುಮಾನ. ಬೂದುಬಣ್ಣದ ಬಾಗಿಲುಗಳು ಕಣ್ಣ ಮುಂದೆ ಬಂದವು.

"ಹಬೆ ಸ್ವಿಚ್ಚಿಲ್ಲದೆ ನಾನು ರೇಟ್ ಕೊಡಲ್ಲ ಗೌಡ್ರೆ. ಸಹಿ ಇಲ್ಲದೆಯೂ ಕೊಡೋ ಶಕ್ತಿ ನನಗಿಲ್ಲ."

"ಹಂಗಾದ್ರೆ ಊಟ ಮಾಡ್ಕೊಂಡು ಹೋಗು," ಎಂದರು ಗೌಡರು.

ಅವನು ಊಟ ಮಾಡಿಯೇ ಹೊರಟ.

ಆ ಮಳೆಗಾಲ ಶೆಡ್ಡಿನಲ್ಲಿ ಕೆಲಸ ಕಡಿಮೆಯಾಯಿತು. ಇಬ್ಬರು ಫಿಟ್ಟರುಗಳಲ್ಲಿ ಒಬ್ಬನನ್ನು ಬಿಡಿಸಬೇಕಾಯಿತು. ಹುಬ್ಬಳ್ಳಿಯ ಪ್ಯಾನಲ್ ಬಂದು ಕೂತಿತೆಂದೂ, ಗೌಡರ ಕುಸುಬಲಕ್ಕಿ ಘಟ್ಟದ ಕೆಳಗೆಲ್ಲ ಹೋಗುತ್ತಿದೆಯೆಂದೂ ಸುದ್ದಿ ಬಂತು. "ಚೆನ್ನಾಗೇ ಓಡ್ತಿದೆಯಂತಲ್ಲ," ಎಂದಳು ಶಾಂತಮ್ಮ ಒಂದು ದಿನ, ಬೇರೆಲ್ಲೋ ನೋಡುತ್ತ. ಓಡುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಗಿರಣಿಯ ಜೀಪು ಬಂತು. ಡ್ರೈವರ್ ಕನ್ನಪ್ಪ ಇಳಿಯದೆಯೇ ಹೇಳಿದ: "ಭೂತಪ್ಪನ ಕೈ ಬೆಂದು ಹೋಯ್ತು ಧರ್ಮಣ್ಣ. ದೀಪ ಹತ್ತಿತು ಅಂತ ಬಾಗಿಲು ತೆಗೆದ, ಹಬೆ ನುಗ್ಗಿತು. ಹುಬ್ಬಳ್ಳಿಯೋನು ಫೋನಿಗೆ ಸಿಗ್ತಿಲ್ಲ. ಗೌಡ್ರು ನೀವು ಬರಬೇಕು ಅಂದ್ರು."

"ಪೈಪ್ ಮುಟ್ಟಿ ನೋಡ್ಲಿಲ್ವಾ ಅವನು?"

"ಮೊದಮೊದಲು ನೋಡ್ತಿದ್ದ. ದೀಪ ತಪ್ಪಲ್ಲ ಅಂತ ಗೊತ್ತಾದ ಮೇಲೆ ಬಿಟ್ಟ."

ಗಿರಣಿಯಲ್ಲಿ ಗೌಡರಿರಲಿಲ್ಲ, ಆಸ್ಪತ್ರೆಗೆ ಹೋಗಿದ್ದರು. ಧರ್ಮಪ್ಪ ಮೂರನೇ ತೊಟ್ಟಿಯ ವಾಲ್ವ್ ಬಿಚ್ಚಿಸಿದ. ಒಳಗೆ ಮುಚ್ಚಳ ಕೂರುವ ಸೀಟಿನ ಮೇಲೆ ತುಕ್ಕಿನ ಚೂರೊಂದು, ಉಗುರಿನಷ್ಟು. ಪ್ಯಾನಲ್ ಬಾಗಿಲು ತೆರೆದ. ವೈರಿಂಗ್ ಅಚ್ಚುಕಟ್ಟಾಗಿತ್ತು, ಕೆಲಸದಲ್ಲಿ ದೋಷ ಹೇಳುವಂತಿರಲಿಲ್ಲ. ಮೂವತ್ತೆರಡು ಇನ್‌ಪುಟ್ ತುದಿಗಳಲ್ಲಿ ಒಂದೂ ಖಾಲಿ ಇರಲಿಲ್ಲ. ಇನ್ನೊಂದು ಕಾರ್ಡು ಕೂರಿಸಲು ಜಾಗವಿರಲಿಲ್ಲ, ಪ್ರೋಗ್ರಾಂ ಹುಬ್ಬಳ್ಳಿಯಲ್ಲಿತ್ತು.

ಅವನು ಮಾಡಿದ್ದು ಹಳೇ ಕಾಲದ ಕೆಲಸ. ಪ್ರತಿ ಹಬೆ ಪೈಪಿಗೆ ವಾಲ್ವಿನ ಹಿಂದೆ ಕೈಯಲ್ಲಿ ತಿರುಗಿಸುವ ಇನ್ನೊಂದು ವಾಲ್ವ್ ಹಾಕಿಸಿದ. ಮೊದಲು ಅದನ್ನು ಮುಚ್ಚಬೇಕು. ಅದು ಪೂರ್ತಿ ಮುಚ್ಚಿ ಪಕ್ಕದಲ್ಲಿ ಹಾಕಿದ ಸ್ವಿಚ್ಚನ್ನು ಒತ್ತಿದರೆ ಮಾತ್ರ ದೀಪಕ್ಕೆ ಕರೆಂಟು ಹೋಗುವಂತೆ, ಡಬ್ಬಿಯನ್ನು ಕೇಳದೆ, ದೀಪದ ತಂತಿಯನ್ನೇ ಕತ್ತರಿಸಿ ಆ ಸ್ವಿಚ್ಚಿನ ಮೂಲಕ ಹಾಯಿಸಿದ. ಆರು ತೊಟ್ಟಿಗೆ ಮೂರು ದಿನ ಹಿಡಿಯಿತು. ರಾತ್ರಿ ಬಾಯ್ಲರ್ ಮನೆಯಲ್ಲೇ ಮಲಗಿದ. ಭೂತಪ್ಪನ ಕಂಬಳಿ ಅಲ್ಲೇ ಇತ್ತು.

ಮೂರನೇ ದಿನ ಗೌಡರು ಬಂದರು. ದೀಪ ಹತ್ತುವುದನ್ನೂ ಆರುವುದನ್ನೂ ನಿಂತು ನೋಡಿದರು.

"ಬಲಗೈ ಬೆರಳು ಮಡಚೋಕಾಗಲ್ಲ ಅಂದ್ರು ಡಾಕ್ಟ್ರು."

ಧರ್ಮಪ್ಪ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ.

"ಎಷ್ಟಾಯ್ತು ಹೇಳು."

"ಏನೂ ಇಲ್ಲ ಗೌಡ್ರೆ. ನಿಮ್ಮ ಜಾಮೀನಿಗೆ ಇದು."

"ಅದಕ್ಕೆ ಇದು ಆಗಲ್ಲ ಧರ್ಮಪ್ಪ," ಎಂದರು ಗೌಡರು ಮೆಲ್ಲಗೆ. "ಹಿಂಗಾಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಆದ್ರೂ ಊಟ ಮಾಡಿ ಹೋದೆ."

ಧರ್ಮಪ್ಪನ ಬಾಯಿಗೆ ಉತ್ತರ ಬಂದಿತ್ತು. ನಾನು ಬರೆದಿದ್ದೆ, ಎರಡು ಸಲ ಬರೆದಿದ್ದೆ, ಎದುರು ಕೂತು ಓದಿದ್ದೆ. ಆ ಕಾಗದದ ಕಾರ್ಬನ್ ಪ್ರತಿ ಶೆಡ್ಡಿನಲ್ಲಿತ್ತು, ಆರು ಸ್ವಿಚ್ಚೂ ಅದರಲ್ಲಿದ್ದವು. ಆದರೆ ತಾನು ಎದ್ದು ಹೋದದ್ದು ಆ ಆರು ಸ್ವಿಚ್ಚಿಗೋ, ಕೆಳಗಿನ ಒಂದು ಸಹಿಗೋ ಎಂದು ಈಗ ಅವನಿಗೇ ಹೇಳಲು ಬರಲಿಲ್ಲ. ಚೀಲ ಹೆಗಲಿಗೇರಿಸಿದ.

ಗೌಡರು ಊಟಕ್ಕೆ ಕರೆಯಲಿಲ್ಲ. ಕನ್ನಪ್ಪ ಜೀಪಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟ. ಹೊಸನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಆಸ್ಪತ್ರೆಯ ದಾರಿಯಲ್ಲಿ ಅರ್ಧ ನಡೆದು, ಅಲ್ಲಿ ಹೋಗಿ ಭೂತಪ್ಪನಿಗೆ ಏನು ಹೇಳುವುದೆಂದು ತಿಳಿಯದೆ, ಬಸ್‌ಸ್ಟ್ಯಾಂಡಿಗೇ ಹಿಂತಿರುಗಿದ.