ಮಡಿಕೆಯೊಳಗಿನ ಸಾಲು

ಕುರ್ಲಾ ಸ್ಟೇಷನ್ನಿಗೆ ಹತ್ತಿರದ ಹಳೆಯ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಕನ್ನಡ ಸಂಘದ ಕೋಣೆ. ಲೋಕಲ್ ರೈಲು ಹಾದುಹೋದಾಗಲೆಲ್ಲ ಬೀರುವಿನ ಗಾಜು ಸಣ್ಣಗೆ ನಡುಗುತ್ತದೆ. ಅಲ್ಲಿಯ ಕಂಪ್ಯೂಟರಿನ ಮುಂದೆ ಅಲಮೇಲು ಕೂತಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಮೈಸೂರು ಕಡೆಯವರು. ಇವತ್ತು ಅವರಿಗೆ ಯಾಕೋ ಪರೀಕ್ಷೆ ಬರೆಯುವವರ ಅಳುಕು.

ಹೋಟೆಲ್ ಕೆಲಸಗಾರರು ಓದುತ್ತಿದ್ದ ರಾತ್ರಿಶಾಲೆಯೊಂದು ಹಿಂದೆ ವರ್ಷಕ್ಕೊಂದು ಸಂಚಿಕೆ ಅಚ್ಚು ಹಾಕಿಸುತ್ತಿತ್ತು. ಸಂಘದ ಕಾರ್ಯದರ್ಶಿ ಸುಕೇಶ್ ಅವನ್ನೆಲ್ಲ ಸ್ಕ್ಯಾನ್ ಮಾಡಿದ್ದ. ಓಸಿಆರ್ ಎಂಬ ತಂತ್ರಾಂಶ ಪುಟದ ಚಿತ್ರ ನೋಡಿ, ಅಕ್ಷರಗಳನ್ನು ಗುರುತಿಸಿ, ಟೈಪ್ ಮಾಡಿದಂತೆ ಕೊಡುತ್ತಿತ್ತು. ಅದು ಎಡವಿದಲ್ಲೆಲ್ಲ ತಿದ್ದುವುದು ಅಲಮೇಲು ಅವರ ಕೆಲಸ. ಹಳೆಯ ಅಚ್ಚಿನ ‘ಮ’ ಅದಕ್ಕೆ ‘ವು’ ಆಗಿ ಕಾಣುತ್ತಿತ್ತು. ಅರ್ಕಾವತ್ತನ್ನು ಒಂಬತ್ತರ ಅಂಕಿ ಅಂದುಕೊಳ್ಳುತ್ತಿತ್ತು. ಒತ್ತಕ್ಷರಗಳು ಉದುರಿಹೋಗಿ ಅಣ್ಣ ‘ಅಣ’ ಆಗುತ್ತಿದ್ದ. ಸಾಲಿನ ಕೊನೆಯಲ್ಲಿ ತುಂಡಾದ ಪದ ಮುಂದಿನ ಸಾಲಿನಲ್ಲಿ ತನ್ನ ಬಾಲ ಹುಡುಕುತ್ತ ನಿಂತಿರುತ್ತಿತ್ತು.

ಈ ವಾರ ತಿದ್ದಿದ್ದು ಚೆನ್ನಯ ಎಂಬವರು ಬರೆದ ಪುಟ್ಟ ಬರಹ. ಅದನ್ನು ಕೇಳಲೆಂದೇ ಅವರ ತಂಗಿ ಶೀಲಾವತಿ ಬಂದಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಬಾಂದ್ರಾದ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಸುಕೇಶ್ ಅವರನ್ನು ರಿಕ್ಷಾದಲ್ಲಿ ಕರೆತಂದಿದ್ದ. ಮೆಟ್ಟಿಲು ಹತ್ತಿಸುವಾಗ ಕೈ ಹಿಡಿದು ಎಳೆಯದೆ, ತನ್ನ ಮೊಣಕೈಯನ್ನೇ ಅವರ ಕೈಗೆ ಕೊಟ್ಟದ್ದನ್ನು ಅಲಮೇಲು ಗಮನಿಸಿದ್ದರು.

“ಅಣ್ಣ ಇದನ್ನು ಬರೆದಾಗ ನಾನು ಊರಲ್ಲಿ,” ಶೀಲಾವತಿ ಹೇಳಿದರು. “ನಾನು ಬೊಂಬಾಯಿಗೆ ಬರುವಾಗ ಪುಸ್ತಕ ಮಳೆನೀರಿಗೆ ಹೋಗಿತ್ತು. ಅದರಲ್ಲಿ ನಿನ್ನ ಬಗ್ಗೆ ಒಂದು ಸಾಲು ಉಂಟು ಅಂತಿದ್ದ. ಏನು ಅಂತ ಕೇಳಿದರೆ, ಪುಸ್ತಕ ಸಿಕ್ಕಲಿ ಓದಿ ಹೇಳ್ತೇನೆ ಅಂತ ಸತಾಯಿಸ್ತಿದ್ದ. ಸಾಯುವವರೆಗೂ ಹೇಳಲಿಲ್ಲ ನೋಡಿ, ಪಾಪಿ.”

ಅಲಮೇಲು ಪರದೆಯ ಕಡೆ ನೋಡಿದರು. ಆ ಬರಹ ಅವರಿಗೆ ಹೆಚ್ಚುಕಡಿಮೆ ಬಾಯಿಪಾಠ ಆಗಿತ್ತು. ಅದರಲ್ಲಿ ತಂಗಿಯ ಮಾತೇ ಇರಲಿಲ್ಲ.

ಹೇಳಲು ಬಾಯಿ ಬರುವ ಮೊದಲೇ ಶೀಲಾವತಿ, ಸುಕೇಶ್ ಕಳಿಸಿದ್ದ ಫೈಲನ್ನು ಮೊಬೈಲಿನಿಂದ ಗಟ್ಟಿಯಾಗಿ ಓದಿಸತೊಡಗಿದ್ದರು. ಯಂತ್ರದ ಹೆಣ್ಣುದನಿ ಏರಿಳಿತವಿಲ್ಲದೆ ಹೊರಟಿತು. ಕುರ್ಲಾದ ಹೋಟೆಲು, ಒಲೆಗೆ ಬೆಂಕಿ ಹಾಕುವ ಹೊತ್ತು, ಮೊದಲ ಲೋಕಲ್ಲಿನ ಸದ್ದು.

“ನಿಲ್ಲಿಸಿ,” ಶೀಲಾವತಿ ನಕ್ಕರು. “ವುನೆ ಅಂದರೆ ಏನು ಮಾರಾಯ್ರೆ?”

ಅಲಮೇಲು ಕನ್ನಡಕ ಸರಿಮಾಡಿಕೊಂಡು ನೋಡಿದರು. ‘ಮನೆ’ ಅಂತಲೇ ಇತ್ತಲ್ಲ. ಅಕ್ಷರ ದೊಡ್ಡದು ಮಾಡಿದ ಮೇಲೆ ತಿಳಿಯಿತು, ಅದು ‘ವುನೆ’. ಕಣ್ಣು ಎಷ್ಟು ಸಲ ಅದರ ಮೇಲೆ ಓಡಾಡಿ ‘ಮನೆ’ ಎಂದೇ ಓದಿಕೊಂಡಿತ್ತೋ.

ಇನ್ನೆರಡು ಸಾಲು ಹೋಗುವಷ್ಟರಲ್ಲಿ ದನಿ, “ಸೂಯ ಒಂಬತ್ತು ಹುಟ್ಟುವ ಮೊದಲೇ” ಎಂದಿತು.

“ಆ ಹೋಟೆಲಲ್ಲಿ ಸೂರ್ಯನಿಗೂ ಟೋಕನ್ ನಂಬರು ಉಂಟು,” ಅಂದ ಸುಕೇಶ್.

ಅಲಮೇಲು ಅವರಿಗೆ ನಾಚಿಕೆಗಿಂತ ಬೆರಗೇ ಹೆಚ್ಚಾಯಿತು. ತನ್ನ ಕಣ್ಣು ಒಪ್ಪಿಕೊಂಡು ಮುಂದೆ ಹೋದದ್ದನ್ನು ಈ ಕಿವಿ ತಡೆದು ನಿಲ್ಲಿಸುತ್ತಿತ್ತು. ಶೀಲಾವತಿ ತಲೆ ಸ್ವಲ್ಪ ವಾಲಿಸಿ ಕೇಳುತ್ತಿದ್ದ ರೀತಿ, ದೂರದ ಊರಿನ ಕರೆಯೊಂದನ್ನು ಸರಿಯಾದ ತಂತಿಗೆ ಜೋಡಿಸುವವರ ಹಾಗಿತ್ತು.

ದನಿ ಮುಂದುವರಿಯಿತು. “ಹಾಲಿನ ಕ್ಯಾನುಗಳ ಮೇಲೆ ಬಿದ್ದ ಬೆಳಕನ್ನು ನಾನು ನೋಡಿ ಲೋಟ ತೊಳೆಯಲು ಒಳಗೆ ಹೋಗುತ್ತೇನೆ.”

ಸ್ವಲ್ಪದರಲ್ಲೇ ಬರಹ ಮುಗಿಯಿತು. ಶೀಲಾವತಿ ಕಾದರು. ಮತ್ತೇನೂ ಬರಲಿಲ್ಲ.

“ಮುಗೀತಾ?”

“ಮುಗೀತು,” ಅಲಮೇಲು ಮೆಲ್ಲನೆ ಅಂದರು.

“ಇರಲಿ ಬಿಡಿ. ಅಣ್ಣ ಸುಳ್ಳು ಹೇಳಿದ್ದು ಅಂತ ಕಾಣ್ತದೆ. ನನಗೆ ಖುಷಿಯಾಗಲಿ ಅಂತ.” ಅವರು ಮೊಬೈಲನ್ನು ಚೀಲಕ್ಕೆ ಹಾಕಿ, ಬರಿಗೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, ಸಮಾಧಾನ ಬೇಕಾಗಿರುವುದು ಅಲಮೇಲು ಅವರಿಗೇ ಎನ್ನುವ ಹಾಗೆ, “ನೀವು ಎಷ್ಟು ಚಂದ ಮಾಡಿದ್ದೀರಿ. ಆ ಹಾಲಿನ ಕ್ಯಾನಿನ ಹತ್ತಿರ ಮಾತ್ರ ಒಂದು ಚೂರು ಅಣ್ಣನ ಹಾಗೆ ಇಲ್ಲ. ಬೆಳಕು ಅಂದವನು ಅಷ್ಟು ಬೇಗ ಲೋಟಕ್ಕೆ ಹೋಗುವವನಲ್ಲ,” ಎಂದರು.

ಅಲಮೇಲು ಪರದೆಯಲ್ಲಿ ಆ ಸಾಲನ್ನು ಮತ್ತೆ ಹುಡುಕಿದರು. ಆ ‘ನೋಡಿ’ ಚೆನ್ನಯನದಲ್ಲ. ‘ಬೆಳಕನ್ನು ನಾನು ಲೋಟ ತೊಳೆಯಲು’ ಎಂದು ವಾಕ್ಯ ಮುರಿದುಬಂದಿತ್ತು. ಒಂದು ಪದ ಬಿಟ್ಟುಹೋಗಿರಬೇಕೆಂದು ಅವರೇ ಹೊಲಿಗೆ ಹಾಕಿದ್ದರು. ಚಿತ್ರದ ಜೊತೆ ಸಾಲಿಗೆ ಸಾಲು ಹೋಲಿಸಿ ನೋಡಿರಲಿಲ್ಲ. ಅರ್ಥ ಕೂಡಿತಲ್ಲ ಎಂದು ಮುಂದೆ ಹೋಗಿದ್ದರು.

“ಸುಕೇಶ್, ನಾನು ತಿದ್ದೋಕ್ಕೆ ಮುಂಚಿನ ಫೈಲ್ ಇದೆಯೇನಪ್ಪ?”

“ಉಂಟು ಮೇಡಂ. ನಾನು ಏನನ್ನೂ ಡಿಲೀಟ್ ಮಾಡುವುದಿಲ್ಲ. ಹೆಂಡತಿ ಅದಕ್ಕೇ ಬೈಯುವುದು.”

ಫೈಲ್ ತೆರೆಯಿತು. ಮುರಿದ ವಾಕ್ಯದ ನಡುವೆ ಒಂದು ವಿಚಿತ್ರ ಸಾಲಿತ್ತು. ಒಂದು ತ, ಒಂದು ಚುಕ್ಕಿ, ಒಂದು ಅಲ್ಪವಿರಾಮ, ಒಂದು ಲ, ಮತ್ತೊಂದು ಚುಕ್ಕಿ, ಕೊನೆಗೆ ಮತ್ತೊಂದು ತ. ಕಾಗದದ ಕೊಳೆಯನ್ನು ಓಸಿಆರ್ ಅಕ್ಷರವೆಂದುಕೊಂಡಿದೆ ಎಂದು ಅಳಿಸಿದ್ದು ಅವರಿಗೆ ನೆನಪಾಯಿತು.

ಪುಟದ ಚಿತ್ರದಲ್ಲಿ ಅದೇ ಜಾಗಕ್ಕೆ ಅಡ್ಡಲಾಗಿ ಕಪ್ಪು ಗೆರೆ. ಕಾಗದ ಅಲ್ಲಿ ಮಡಿಚಿಕೊಂಡಿತ್ತು.

“ಇದು ಕೊಳೆ ಅಲ್ಲ ಕಣ್ರೀ,” ಅಲಮೇಲು ಪರದೆಗೆ ಬೆರಳು ತಾಗಿಸಿದರು. “ಇವು ಒತ್ತಕ್ಷರಗಳು. ಮೇಲಿನ ಅಕ್ಷರಗಳು ಮಡಿಕೆಯ ನೆರಳಿಗೆ ಸಿಕ್ಕಿಬಿಟ್ಟಿವೆ. ಕೆಳಗೆ ನೇತಾಡ್ತಿದ್ದ ಒತ್ತುಗಳು, ಚುಕ್ಕಿಗಳು ಮಾತ್ರ ಹೊರಗುಳಿದಿವೆ. ಇಲ್ಲಿ ಒಂದು ಇಡೀ ಸಾಲಿದೆ.”

ಕೆಳಗೆ ಲೋಕಲ್ ಒಂದು ಹೋಯಿತು.

ಸುಕೇಶ್ ಬೀರುವಿನಿಂದ ಸಂಚಿಕೆ ತಂದ. ಹೆದರಿಸದೆ ಹಕ್ಕಿಮರಿ ಎತ್ತುವವನಂತೆ ಆ ಪುಟ ತೆರೆದು, ಬೆರಳ ತುದಿಯಿಂದ ಮಡಿಕೆಯನ್ನು ಸ್ವಲ್ಪಸ್ವಲ್ಪವೇ ಬಿಡಿಸಿದ. ಕಾಗದ ಒಣಗಿ ಹಪ್ಪಳದಂತಾಗಿತ್ತು. ಕಿಟಕಿಯ ಬಳಿ ಹಿಡಿದಾಗ, ನೆರಳಿದ್ದಲ್ಲಿ ಅಕ್ಷರಗಳು ಕಾಣಿಸಿಕೊಂಡವು. ತಮ್ಮ ತಮ್ಮ ಒತ್ತುಗಳ ಮೇಲೆ, ಇಷ್ಟು ವರ್ಷ ಅಲ್ಲೇ ಕೂತಿದ್ದವರ ಹಾಗೆ.

ಅಲಮೇಲು ಓದಿದರು. ಪಾಠ ಹೇಳುವ ದನಿ ಅದಾಗಿರಲಿಲ್ಲ.

“ಹಾಲಿನ ಕ್ಯಾನುಗಳ ಮೇಲೆ ಬಿದ್ದ ಬೆಳಕನ್ನು ನಾನು ಎರಡು ಸಲ ನೋಡುತ್ತೇನೆ. ಒಮ್ಮೆ ನನಗಾಗಿ, ಇನ್ನೊಮ್ಮೆ ಕಣ್ಣಿಲ್ಲದ ತಂಗಿಗಾಗಿ. ಮತ್ತೆ ಲೋಟ ತೊಳೆಯಲು ಒಳಗೆ ಹೋಗುತ್ತೇನೆ.”

ಶೀಲಾವತಿ ಕೈ ಚಾಚಿದರು. ಸುಕೇಶ್ ಅವರ ತೋರುಬೆರಳನ್ನು ಮಡಿಕೆಯ ಎಡತುದಿಗೆ ತಾಗಿಸಿದ. ಬೆರಳು ನಿಧಾನವಾಗಿ ಬಲಕ್ಕೆ ಸರಿಯಿತು. ಉಳಿದ ಸಾಲುಗಳೆಲ್ಲ ಬೆರಳಿಗೆ ನುಣ್ಣಗೆ, ಒಂದೇ ಸಮ. ಇಡೀ ಪುಟದಲ್ಲಿ ಬೆರಳಿಗೆ ಸಿಗುವಂತಿದ್ದದ್ದು ಈ ಒಂದು ಸಾಲು ಮಾತ್ರ.

“ಇಲ್ಲೇ ಉಂಟಾ?”

“ಅಲ್ಲೇ ಇದೆ.”

“ಅದಕ್ಕೇ ಅವನು ಯಾವಾಗಲೂ ಹೇಳಿದ್ದನ್ನೇ ಹೇಳ್ತಿದ್ದ,” ಎಂದರು ಶೀಲಾವತಿ. “ಇವತ್ತು ಆಕಾಶ ಹೀಗುಂಟು, ಇವತ್ತು ಸಮುದ್ರ ಹೀಗುಂಟು. ನಾನು ಸಾಕು ಮಾರಾಯ ಅಂತಿದ್ದೆ.”

ಅಲಮೇಲು ತಾವು ಸೇರಿಸಿದ ‘ನೋಡಿ’ಯನ್ನು ಅಳಿಸಿ, ಚೆನ್ನಯನ ಸಾಲನ್ನು ಅಕ್ಷರ ಅಕ್ಷರ ಹೋಲಿಸುತ್ತ ಟೈಪ್ ಮಾಡಿದರು. ಇದುವರೆಗೆ ಕೊಳೆಯೆಂದು ಒರೆಸಿದ ಎಷ್ಟು ಚುಕ್ಕಿಗಳ ಮೇಲೆ ಇನ್ಯಾರ ಮಾತುಗಳಿದ್ದವೋ. ಮೊದಲ ಪುಟದಿಂದ ಎಲ್ಲವನ್ನೂ ಮತ್ತೆ ನೋಡಬೇಕಿತ್ತು. ಆ ಯೋಚನೆಗೆ ಅವರಿಗೆ ಆಯಾಸವಾಗಲಿಲ್ಲ.

“ಅಲಮೇಲಮ್ಮ,” ಶೀಲಾವತಿ ಕರೆದರು. ಬೆರಳು ಇನ್ನೂ ಮಡಿಕೆಯ ಮೇಲೇ ಇತ್ತು. “ಹೊರಗೆ ಬೆಳಕು ಹೇಗುಂಟು ಈಗ?”

ಅಲಮೇಲು ಕಿಟಕಿಯ ಕಡೆ ನೋಡಿ, “ಬಿಸಿಲಿದೆ,” ಎನ್ನಹೊರಟು ತಡೆದರು. ಎದ್ದು ಕಿಟಕಿಯ ಬಳಿ ಹೋಗಿ ಇನ್ನೊಮ್ಮೆ ನೋಡಿದರು.