ಆರು, ಹದಿನೈದು ಮತ್ತು ನಡುವಿನ ಕುರ್ಚಿ

ಗಣಿತ ಸ್ಪರ್ಧೆಯ ರಿಲೇ ಸುತ್ತಿನಲ್ಲಿ ಮಾತಾಡುವ ಹಾಗಿಲ್ಲ, ಹಿಂದೆ ತಿರುಗುವ ಹಾಗಿಲ್ಲ, ಮುಂದೆ ಕೂತವನ ಬೆನ್ನಿಗೆ ಪೆನ್ಸಿಲ್ಲಿನಿಂದ ತಿವಿಯುವ ಹಾಗಂತೂ ಇಲ್ಲವೇ ಇಲ್ಲ. ಮಾರಿಟ್‌ಗೆ ಈಗ ಬೇಕಾಗಿದ್ದದ್ದು ಈ ಮೂರೇ.

ಶಾಲೆಯ ಊಟದ ಹಾಲ್‌ನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ, ಒಂದೊಂದು ತಂಡಕ್ಕೆ ಒಂದರ ಹಿಂದೆ ಒಂದರಂತೆ ಮೂರು ಕುರ್ಚಿ ಹಾಕಿದ್ದರು. ಮೊದಲ ಕುರ್ಚಿಯವನು ತನ್ನ ಲೆಕ್ಕ ಬಿಡಿಸಿ, ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಗಲ ಮೇಲಿನಿಂದ ಹಿಂದಕ್ಕೆ ಕೊಡಬೇಕು. ಎರಡನೆಯವರ ಲೆಕ್ಕಕ್ಕೆ ಆ ಸಂಖ್ಯೆಯೇ ಆಧಾರ. ಅವರ ಉತ್ತರ ಮೂರನೆಯವರಿಗೆ. ಮೂರನೆಯವರ ಉತ್ತರವನ್ನು ಮಾತ್ರ ತೀರ್ಪುಗಾರರು ನೋಡುತ್ತಾರೆ. ಮೂರನೇ ನಿಮಿಷಕ್ಕೆ ಸರಿ ಇದ್ದರೆ ಐದು ಅಂಕ, ಆರನೇ ನಿಮಿಷಕ್ಕೆ ಸರಿಯಾದರೆ ಮೂರು. ನಡುವೆ ಯಾರಿಗಾದರೂ ತಮ್ಮದು ತಪ್ಪೆನಿಸಿದರೆ ಹೊಸ ಚೀಟಿ ಕಳಿಸಬಹುದು. ಅಷ್ಟೇ ಸಂಭಾಷಣೆ.

ಮಾರಿಟ್ ಹಾಲ್ವರ್ಸನ್‌ಗೆ ಈ ಆಟ ಹಿಡಿಸಿದ್ದು ಅದಕ್ಕೇ. ಹತ್ತನೇ ತರಗತಿಯಲ್ಲಿ ಅವಳ ದನಿ ಹೇಗಿದೆಯೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ನಡುವಿನ ಕುರ್ಚಿಯಲ್ಲಿ ಮಾತ್ರ ಬಾಯಿ ತೆರೆಯದೆಯೇ ಅವಳು ಲೆಕ್ಕಕ್ಕೆ ಬರುತ್ತಿದ್ದಳು. ಆ ಕುರ್ಚಿ ಇವತ್ತು ಅಲುಗಾಡುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲೇ ಕೋಚ್ ವಾಂಟಾ ಹೇಳಿದ್ದರು: "ರಿಲೇ ಎರಡಿದೆ. ಮೊದಲನೇದು ಯಾರ ಚೀಟಿಯಿಂದ ಕೆಡುತ್ತೋ ಅವರು ಎರಡನೇದಕ್ಕೆ ಕೂರಲ್ಲ, ಅವರ ಜಾಗಕ್ಕೆ ನಮ್ಮ ನಾಲ್ಕನೆಯವನು ಎಲಿಯಟ್ ಕೂರ್ತಾನೆ. ರಾಜ್ಯಮಟ್ಟಕ್ಕೂ ಅದೇ ಮೂವರು. ಅಳೋದು ಗಿಳೋದು ಏನಿಲ್ಲ."

ಮುಂದೆ ಕೋಲ್ಟನ್ ಬಾವರ್, ಹಿಂದೆ ಕಾಲಿಯಾ ಶಾಂಗ್. ಗಂಟೆ ಹೊಡೆದಾಗ ಮಾರಿಟ್ ತನ್ನ ಹಾಳೆ ತಿರುಗಿಸಿದಳು. ಒಂದರಿಂದ ಹಿಡಿದು ನಿನ್ನ ಕೈಗೆ ಬರುವ ಸಂಖ್ಯೆಯವರೆಗೆ, ಆರರಿಂದಾಗಲಿ ಹದಿನೈದರಿಂದಾಗಲಿ ಇವೆರಡರಿಂದಲೂ ಆಗಲಿ ನಿಶ್ಶೇಷವಾಗಿ ಭಾಗವಾಗುವವು ಎಷ್ಟು?

ಅವಳಿಗೆ ನಗು ಬರುವಷ್ಟು ಸಲೀಸು. ಚಳಿಗಾಲ ಪೂರ್ತಿ ಮಾಡಿದ ಲೆಕ್ಕ. ಆರರಿಂದ ಭಾಗವಾಗುವವು ಎಷ್ಟು, ಹದಿನೈದರಿಂದ ಎಷ್ಟು, ಎರಡನ್ನೂ ಕೂಡಿಸು. ಎರಡು ಗುಂಪಿನಲ್ಲೂ ಇರುವವು ಎರಡು ಸಲ ಎಣಿಕೆಯಾಗಿರುತ್ತವೆ, ಅವನ್ನು ಒಂದು ಸಲ ಕಳೆ. ನುರಿತವರು ಚೀಟಿ ಬರುವ ತನಕ ಕೈಕಟ್ಟಿ ಕೂರುವುದಿಲ್ಲ, ಮೊದಲೇ ಅಡಿಪಾಯ ಹಾಕಿಡುತ್ತಾರೆ. ಅವಳೂ ಹಾಕಿದಳು: ಬರುವ ಸಂಖ್ಯೆಗೆ ಆರರ ಭಾಗ, ಹದಿನೈದರ ಭಾಗ, ಕಳೆಯಲು ತೊಂಬತ್ತರ ಭಾಗ. ಶೇಷ ಬಿಟ್ಟು ಪೂರ್ಣಾಂಕ ಮಾತ್ರ. ಸುತ್ತಲೊಂದು ಚೌಕಟ್ಟು ಎಳೆದು ಕಾದಳು.

ಕೋಲ್ಟನ್‌ನ ಚೀಟಿ ಬಂತು: 500.

ಎಂಬತ್ತಮೂರು, ಮೂವತ್ತಮೂರು, ಐದು. ಕೂಡಿಸಿ ಕಳೆದರೆ ನೂರ ಹನ್ನೊಂದು. ಬರೆದು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ಕಾಲಿಯಾಳ ಬೆರಳುಗಳು ಚೀಟಿ ಕಿತ್ತುಕೊಂಡವು. ಒಂದು ಕ್ಷಣ ಪೆನ್ಸಿಲ್ ಸರಸರ ಓಡಿತು. ಆಮೇಲೆ ನಿಂತಿತು.

ಆ ನಿಲ್ಲುವಿಕೆ ಮಾರಿಟ್‌ಗೆ ಗೊತ್ತು. ಕಾಲಿಯಾಳ ಪೆನ್ಸಿಲ್ ಸುಮ್ಮಸುಮ್ಮನೆ ನಿಲ್ಲುವಂಥದ್ದಲ್ಲ. ಅಂದವಾಗಿ ಮುಗಿಯಬೇಕಾದ ಲೆಕ್ಕ ಅಂದಗೆಟ್ಟು ಬಂದಾಗ ಮಾತ್ರ ಅದು ನಿಲ್ಲುತ್ತದೆ. ಹಿಂದಿನಿಂದ ಉದ್ದನೆಯ ಉಸಿರು ಕೇಳಿಸಿತು. ಮೂರನೇ ನಿಮಿಷದ ಗಂಟೆಗೆ ಕಾಲಿಯಾ ಏನೋ ಒಂದನ್ನು ಬರೆದು ಕೊಟ್ಟಳು. ಚೀಟಿ ಒಯ್ದ ತೀರ್ಪುಗಾರ್ತಿ ಅದನ್ನು ನೋಡಿ, ಮುಖದಲ್ಲಿ ಏನೂ ತೋರಿಸದೆ ಮುಂದೆ ಹೋದಳು. ಮೊದಲ ಐದು ಅಂಕ ಹೋಯಿತು.

ಮಾರಿಟ್ ತನ್ನ ಭಾಗಾಕಾರ ಮತ್ತೆ ಮಾಡಿದಳು. ಆರು ಎಂಬತ್ತಮೂರಲೆ ನಾನೂರ ತೊಂಬತ್ತೆಂಟು, ಸರಿ. ಹದಿನೈದು ಮೂವತ್ತಮೂರಲೆ ನಾನೂರ ತೊಂಬತ್ತೈದು, ಸರಿ. ತೊಂಬತ್ತು ಐದಲೆ ನಾನೂರ ಐವತ್ತು, ಸರಿ. ಹಾಗಾದರೆ ಕೆಟ್ಟಿದ್ದು ಐನೂರೇ. ಇನ್ಯಾವುದು? ಕೋಲ್ಟನ್ ಅಂದರೆ ಗಡಿಬಿಡಿ. ಹೋದ ತಿಂಗಳು ಏಳು ಎಂಟಲೆ ಐವತ್ತನಾಲ್ಕು ಎಂದು ಬರೆದ ಮಹಾನುಭಾವ. ಈಗ ನೋಡಿದರೆ ಕುರ್ಚಿಗೆ ಒರಗಿ ಕಾಲು ಚಾಚಿ, ತೀರ್ಪುಗಾರರ ಮೇಜಿನ ಮೇಲಿದ್ದ ಬ್ರೌನಿ ಕೇಕುಗಳನ್ನು ನೋಡುತ್ತ ಕೂತಿದ್ದಾನೆ. ಒಂದು ಸಲ, ಒಂದೇ ಒಂದು ಸಲ ಹಾಳೆಯ ಕಡೆ ಬಗ್ಗಬಾರದೆ? ಅವಳು ಅವನ ಕುತ್ತಿಗೆಯನ್ನೇ ದಿಟ್ಟಿಸಿದಳು. ಕ್ಷೌರ ಮಾಡಿಸಿದ ಹೊಸದರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದ ಆ ಕುತ್ತಿಗೆಯಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ. ಹೊಸ ಚೀಟಿ ಬರಲಿಲ್ಲ.

ಹಿಂದೆ ಕಾಲಿಯಾ ರಬ್ಬರಿನಿಂದ ಉಜ್ಜತೊಡಗಿದಳು. ಆ ಸದ್ದು ಮಾರಿಟ್‌ಳ ಬೆನ್ನುಹುರಿಗೇ ತಾಗುತ್ತಿತ್ತು. ನಾನಲ್ಲ ಕಣೇ, ಇವನು, ಎಂದು ಹೇಳಲು ನಾಲಿಗೆ ತುದಿಗೆ ಬಂದ ಮಾತನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಬಾಯಿ ಬಿಟ್ಟರೆ ಸೊನ್ನೆ. ಕೊನೆಗೆ ಅವಳಿಗೆ ಹಟ ಹತ್ತಿತು. ತನ್ನ ದಾರಿ ಸರಿಯೆಂದು ಕಪ್ಪು ಬಿಳುಪಿನಲ್ಲಿ ತೋರಿಸಬೇಕು, ಸುತ್ತು ಮುಗಿದ ಮೇಲೆ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿಯಬೇಕು. ಹದಿನೈದರ ಮಗ್ಗಿಯನ್ನು ಸಾಲಾಗಿ ಬರೆಯುತ್ತ, ಆರರಿಂದಲೂ ಭಾಗವಾಗುವುದಕ್ಕೆ ಸೊನ್ನೆ ಸುತ್ತುತ್ತ ಹೋದಳು. ಹದಿನೈದು, ಇಲ್ಲ. ಮೂವತ್ತು.

ಮೂವತ್ತು. ಆರು ಐದಲೆ.

ಪೆನ್ಸಿಲ್ ಹಾಳೆಯ ಮೇಲೆಯೇ ಉಳಿಯಿತು. ನಲವತ್ತೈದು ಇಲ್ಲ, ಅರವತ್ತು ಹೌದು, ಎಪ್ಪತ್ತೈದು ಇಲ್ಲ, ತೊಂಬತ್ತು ಹೌದು. ಒಂದು ಬಿಟ್ಟು ಒಂದು. ಮೂವತ್ತಮೂರರಲ್ಲಿ ಒಂದು ಬಿಟ್ಟು ಒಂದೆಂದರೆ ಹದಿನಾರು. ತಾನು ಕಳೆದದ್ದು ಐದು. ಮೂವತ್ತು, ಅರವತ್ತು, ನೂರಿಪ್ಪತ್ತು, ಇಂಥ ಹನ್ನೊಂದು ಸಂಖ್ಯೆಗಳು ಎರಡೆರಡು ಸಲ ಎಣಿಕೆಯಾಗಿ ಹಾಗೇ ಉಳಿದುಬಿಟ್ಟಿದ್ದವು. ಆರರಲ್ಲೂ ಹದಿನೈದರಲ್ಲೂ ಮೂರು ಕೂತಿರುವಾಗ ಎರಡನ್ನೂ ಗುಣಿಸಿ ತೊಂಬತ್ತು ಮಾಡಿದ್ದು ತಾನೇ. ಚೀಟಿ ಬರುವ ಮೊದಲೇ ಮಾಡಿ, ಚೌಕಟ್ಟು ಹಾಕಿ, ಮತ್ತೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಎಂಬತ್ತಮೂರು ಮತ್ತು ಮೂವತ್ತಮೂರು, ಹದಿನಾರು ಕಳೆ. ನೂರು. ಅವಸರದಲ್ಲಿ ಎರಡನೇ ಸೊನ್ನೆ ಮೊಟ್ಟೆಯ ಹಾಗಾಯಿತು. ಹೆಗಲ ಮೇಲಿಂದ ಚೀಟಿ ಚಾಚಿದಳು. ಕಾಲಿಯಾಳ ಪೆನ್ಸಿಲ್ ಎರಡು ಗೀಟು ಎಳೆದು ಉತ್ತರ ಬರೆಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಕಾಲಿಯಾಳದ್ದು ಚೌಕಾಕಾರದ ಹುಲ್ಲುಹಾಸಿನ ಲೆಕ್ಕ. ವಿಸ್ತೀರ್ಣ ಕೈಗೆ ಬಂದ ಸಂಖ್ಯೆಯಷ್ಟು ಚದರಡಿ, ಸುತ್ತ ಬೇಲಿ ಎಷ್ಟು ಅಡಿ? ನೂರು ಬಂದರೆ ಬದಿ ಹತ್ತು, ಬೇಲಿ ನಲವತ್ತು. ಮೂರು ಅಂಕ ಸಿಕ್ಕಿತು.

"ನೂರ ಹನ್ನೊಂದರ ವರ್ಗಮೂಲ ಇಟ್ಕೊಂಡು ನಾನು ಬೇಲಿ ಹಾಕ್ಬೇಕಿತ್ತಾ?" ಗೋಡೆಯ ಪಕ್ಕ ಸೇರಿದ ಕೂಡಲೇ ಕಾಲಿಯಾ ಸಿಡುಕಿದಳು. "ನನಗೆ ಅಲ್ಲೇ ಹುಚ್ಚು ಹಿಡೀತಿತ್ತು."

ಕೋಚ್ ವಾಂಟಾ ಹಾಳೆ ನೋಡುವ ಗೋಜಿಗೂ ಹೋಗದೆ ನೇರ ಕೋಲ್ಟನ್ ಕಡೆ ತಿರುಗಿದರು. "ಮತ್ತೆ ಅದೇ ಗಡಿಬಿಡಿ ತಾನೇ?"

"ನಾನೇನ್ ಮಾಡ್ದೆ ಕೋಚ್? ಒಂದೇ ಚೀಟಿ ಕೊಟ್ಟಿದ್ದು ನಾನು. ಐನೂರು."

"ಒಂದೇ ಕೊಟ್ಟೆ, ಅದೇ ನಿನ್ನ ರೋಗ. ತಿರುಗಿ ನೋಡೋ ಅಭ್ಯಾಸಾನೇ ಇಲ್ಲ."

"ಐನೂರು ಸರಿನೇ ಇತ್ತು."

"ಸರಿ ಇದ್ದಿದ್ರೆ ಐದು ಅಂಕ ಬರ್ತಿತ್ತಲ್ಲಪ್ಪ. ಎಲಿಯಟ್, ಮೊದಲನೇ ಕುರ್ಚಿಗೆ ರೆಡಿಯಾಗು."

ಎಲಿಯಟ್ ಚೀಸ್ ತುಂಡನ್ನು ಬಾಯಿಗಿಡುತ್ತಿದ್ದವನು ಹಾಗೇ ನಿಂತ. ಮಾರಿಟ್ ಬಾಯಿ ತೆರೆದಳು. "ಕೋಚ್, ಅದು..."

"ನೀನು ತಲೆ ಕೆಡಿಸ್ಕೋಬೇಡಮ್ಮ. ಕೊನೇಲಿ ನೀನೇ ಸಂಭಾಳಿಸಿದ್ದು, ನೋಡ್ದೆ ನಾನು."

ಇದಕ್ಕಿಂತ ಕಿರಿಕಿರಿಯ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಕುರ್ಚಿ ಉಳಿಯುತ್ತದೆ, ರಾಜ್ಯಮಟ್ಟಕ್ಕೂ ಹೋಗಬಹುದು. ಸುಮ್ಮನಿರುವುದರಲ್ಲಿ ಅವಳಷ್ಟು ಪಳಗಿದವರು ಈ ಹಾಲ್‌ನಲ್ಲಿ ಇನ್ನೊಬ್ಬರಿಲ್ಲ. ಆದರೆ ಕೋಲ್ಟನ್ ಎದುರಾಡುವುದನ್ನೂ ಬಿಟ್ಟು ತನ್ನ ಬೂಟುಗಳನ್ನು ನೋಡುತ್ತಿದ್ದ. ತಪ್ಪು ಮಾಡಿಲ್ಲ ಎಂಬ ನಂಬಿಕೆ ಅವನಿಗೇ ಸಡಿಲವಾಗುತ್ತಿದ್ದುದು ಕಾಣುತ್ತಿತ್ತು. ಅದನ್ನು ನೋಡಲಾಗಲಿಲ್ಲ.

"ನನ್ನ ಚೀಟಿ," ಅಂದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಐನೂರು ಸರಿ ಇತ್ತು. ಆರು, ಹದಿನೈದು ಎರಡನ್ನೂ ಗುಣಿಸಿದೆ. ತೊಂಬತ್ತರಿಂದ ಭಾಗಿಸಿ ಕಳೆದೆ."

"ಸರಿ, ಗುಣಿಸಿದೆ. ಅದರಲ್ಲೇನು?" ಅಂದರು ಕೋಚ್. ಅಂದ ಮೇಲೆ ಅವರ ಹುಬ್ಬು ನಿಧಾನವಾಗಿ ಗಂಟಾಯಿತು. "ಓ. ಮೂವತ್ತು."

"ಮೂವತ್ತು."

ಚಳಿಗಾಲ ಪೂರ್ತಿ ಅಭ್ಯಾಸಕ್ಕೆ ಕೊಟ್ಟದ್ದು ಮೂರು ಮತ್ತು ಐದು, ನಾಲ್ಕು ಮತ್ತು ಏಳು, ಐದು ಮತ್ತು ಎಂಟು. ಯಾವ ಜೋಡಿಗೂ ಒಂದನ್ನು ಬಿಟ್ಟು ಸಾಮಾನ್ಯ ಅಪವರ್ತನವಿಲ್ಲ. ಅಲ್ಲೆಲ್ಲ ಗುಣಿಸಿದರೆ ಸರಿಯಾಗಿಯೇ ಬರುತ್ತಿತ್ತು. ಗುಣಿಸಿ, ಭಾಗಿಸಿ, ಕಳೀರಿ ಎಂದು ಚಪ್ಪಾಳೆಯ ತಾಳದಲ್ಲಿ ಹೇಳಿಕೊಟ್ಟವರು ಯಾರೆಂದು ನಾಲ್ವರಿಗೂ ಗೊತ್ತಿತ್ತು.

ಕೋಚ್ ಗಂಟಲು ಸರಿಮಾಡಿಕೊಂಡರು. "ಬಸ್ಸಲ್ಲಿ ಹೇಳಿದ್ದೇ ಹೇಳಿದ್ದು. ಎಲಿಯಟ್, ನಡುವಿನ ಕುರ್ಚಿ."

ಕೋಲ್ಟನ್ ಅವಳತ್ತ ತಿರುಗಿದ. "ಓಹೋ. ಅದಕ್ಕೇ ನನ್ನ ಕುತ್ತಿಗೆ ಸುಡ್ತಿತ್ತು. ಅಷ್ಟು ಹೊತ್ತೂ ನನ್ನನ್ನೇ ಬೈಕೋತಿದ್ದೆ ಅಲ್ವಾ?"

"ಹೂಂ."

"ಏನಂತ?"

"ಏಳು ಎಂಟಲೆ ಐವತ್ತನಾಲ್ಕು ಅಂತ."

ಕಾಲಿಯಾ ಮೂಗಿನಲ್ಲೇ ನಕ್ಕಳು. ಕೋಲ್ಟನ್ ನಗಲಿಲ್ಲ, ಆದರೆ ಹೋಗಲೂ ಇಲ್ಲ. "ಲೇ, ಬೇಗ ಹೇಳು. ಗುಣಿಸೋದು ಯಾವಾಗ, ಬಿಡೋದು ಯಾವಾಗ? ಮತ್ತೆ ಬಂದ್ರೆ?"

ಎಲಿಯಟ್ ಕೂಡ ಹತ್ತಿರ ಬಂದ. ತನ್ನ ಕುರ್ಚಿಗೆ ಕೂರಲಿರುವವನಿಗೆ ತಾನೇ ಹೇಳಿಕೊಡಬೇಕು. ಮಾರಿಟ್‌ಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಗುಣಿಸೋ ವಿಷಯಾನೇ ಮರೆತುಬಿಡಿ. ಎರಡೂ ಸಂಖ್ಯೆಯಿಂದ ಭಾಗವಾಗೋ ಅತಿ ಚಿಕ್ಕದು ಯಾವ್ದು ನೋಡಿ. ಮೂರು ಐದಕ್ಕೆ ಹದಿನೈದು, ಅಲ್ಲಿ ಗುಣಿಸಿದ್ರೂ ಅದೇ ಬರುತ್ತೆ. ಆರು ಹದಿನೈದಕ್ಕೆ ಮೂವತ್ತು. ಅದರಿಂದ ಭಾಗಿಸಿ ಕಳೀರಿ. ಕಮ್ಮಿ ಕಳೆದ್ರೆ ಎರಡು ಸಲ ಎಣಿಸಿದ್ದು ಹಾಗೇ ಉಳಿಯುತ್ತೆ."

"ಲ.ಸಾ.ಅ.," ಅಂದ ಎಲಿಯಟ್. "ಆರನೇ ಕ್ಲಾಸಲ್ಲಿ ಮಾಡಿದ್ದಲ್ವಾ ಇದು?"

"ಹೂಂ, ಆರನೇ ಕ್ಲಾಸಲ್ಲೇ," ಅಂದಳು ಹಲ್ಲು ಕಚ್ಚಿ.

ಮೂವರೂ ಹೋಗಿ ಕೂತರು. ಗಂಟೆ ಹೊಡೆಯಿತು. ಮಾರಿಟ್ ಕೋಟುಗಳ ರಾಶಿಯ ಪಕ್ಕದ ಬೆಂಚಿನಲ್ಲಿದ್ದಳು. ಕೋಚ್ ಬಂದು ಒಂದು ಗೇಣು ಅಂತರ ಬಿಟ್ಟು ಕೂತರು. ಎಲಿಯಟ್ ಚೀಟಿ ಬರುವ ಮೊದಲೇ ಏನೋ ಬರೆಯುತ್ತಿದ್ದ. ಅವನ ಮುಂದಿರುವ ಲೆಕ್ಕ ಯಾವುದೆಂದು ಇಲ್ಲಿಂದ ತಿಳಿಯುವುದಿಲ್ಲ. ಅವನು ಬರೆದದ್ದಕ್ಕೆ ಚೌಕಟ್ಟು ಎಳೆದಾಗ ಅವಳ ಉಗುರು ಅಂಗೈಗೆ ಒತ್ತಿತು. ತಿರುಗಿ ನೋಡೋ, ಒಂದು ಸಲ ನೋಡೋ.

"ಆ ಅಭ್ಯಾಸದ ಲೆಕ್ಕಗಳು," ಎಂದರು ಕೋಚ್ ಮೆಲ್ಲಗೆ. "ಜೋಡಿಗಳನ್ನೆಲ್ಲ ನಾನೇ ಆರಿಸಿದ್ದು."

ಪರವಾಗಿಲ್ಲ ಕೋಚ್ ಎಂಬ ಮಾತಿಗೆ ಅವರು ಕಾಯುತ್ತಿದ್ದುದು ಅವಳಿಗೆ ಗೊತ್ತಾಯಿತು. ಬೇರೆ ದಿನವಾಗಿದ್ದರೆ ಅಂದುಬಿಡುತ್ತಿದ್ದಳು.

"ಹೌದು ಕೋಚ್," ಅಂದಳು. "ನೀವೇ ಆರಿಸಿದ್ದು."

ಅಷ್ಟು ಹೇಳಿ ಎಲಿಯಟ್‌ನ ಪೆನ್ಸಿಲ್ಲನ್ನೇ ನೋಡುತ್ತ ಕೂತಳು.